ಎಂಸಿಬಿಗೆ ಕಾಣದ ಬಿಸಿ

ಎಂಸಿಬಿ ಬಿದ್ದಿರಲಿಲ್ಲ. ದೀಪ ಮಿನುಗಿರಲಿಲ್ಲ. ಬಚ್ಚಲುಮನೆಯ ಬಕೆಟ್ಟಿನಲ್ಲಿ ಹೀಟರ್ ರಾಡು ಎಂದಿನಂತೆ ನೀರು ಕಾಯಿಸುತ್ತಲೇ ಇತ್ತು. ಮನೆಯವರಿಗೆ ಏನೋ ಆಗಿದೆ ಎಂದು ಗೊತ್ತಾದದ್ದು ವಾಸನೆಯಿಂದ. ಪ್ಲಾಸ್ಟಿಕ್ ಸುಟ್ಟಂಥ, ಅದರ ಜತೆ ಸ್ವಲ್ಪ ಮೀನಿನ ಕಮಟೂ ಬೆರೆತಂಥ ವಾಸನೆ. ಹುಡುಕಿಕೊಂಡು ಹೋದರೆ ಮಲಗುವ ಕೋಣೆಯಿಂದ ಬಚ್ಚಲಿಗೆ ಎಳೆದಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಒಂದು ಸಾಕೆಟ್ಟಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದುಗಟ್ಟಿ ಉಬ್ಬಿತ್ತು. ಸ್ವಿಚ್ಚು ಆರಿಸಿ ಟಾಪ್ ಕೀಳಲು ನೋಡಿದರೆ ಅದು ಬರಲಿಲ್ಲ. ಪಿನ್ನು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು.

ಇದು ಮೈಸೂರಿನ ನಮ್ಮ ನೆಂಟರೊಬ್ಬರ ಬಾಡಿಗೆ ಮನೆಯಲ್ಲಿ ನಡೆದದ್ದು. ಆದರೆ ಗೀಸರ್ ಇಲ್ಲದ, ಬಚ್ಚಲಿನ ಹತ್ತಿರ ದೊಡ್ಡ ಪ್ಲಗ್ ಪಾಯಿಂಟ್ ಇಲ್ಲದ ಯಾವ ಊರಿನ ಯಾವ ಬಾಡಿಗೆ ಮನೆಯಲ್ಲೂ, ಯಾವ ಪಿ.ಜಿ.ಯಲ್ಲೂ ಇದು ನಡೆಯಬಹುದು. ಎಲೆಕ್ಟ್ರಿಷಿಯನ್ ಬಂದು ಬೋರ್ಡಿನ ಹಿಂಬದಿ ಬಿಚ್ಚಿದಾಗ ಕಂಡದ್ದಿಷ್ಟು: ಮೂರು ಸಾಕೆಟ್ಟುಗಳನ್ನು ಒಂದಕ್ಕೊಂದು ಜೋಡಿಸುವ ನ್ಯೂಟ್ರಲ್ ಲೂಪಿನ ಒಂದು ಸ್ಕ್ರೂ ಕಪ್ಪಾಗಿತ್ತು. ಅದರಡಿಯ ತಂತಿಯ ಸಿಪ್ಪೆ ಒಂದಿಂಚಿನಷ್ಟು ಸುಟ್ಟು ಹಿಂದಕ್ಕೆ ಸರಿದಿತ್ತು. ಬೋರ್ಡಿನ ಉಳಿದ ತಂತಿಗಳೆಲ್ಲ ಹೊಸದರಂತೆಯೇ ಇದ್ದವು.

“ಹೊಸ ಬೋರ್ಡ್ ಕಣಣ್ಣ, ಹೋದ ವರ್ಷ ತಗೊಂಡಿದ್ದು. ಎಂಸಿಬಿ ಯಾಕೆ ಬೀಳಲಿಲ್ಲ?” ಎಂದು ಮನೆಯಾಕೆ ಕೇಳಿದರು.

“ಎಂಸಿಬಿಗೆ ಇದು ಗೊತ್ತೇ ಆಗಲ್ಲ ಅಕ್ಕ. ಲೂಸ್ ಕನೆಕ್ಷನ್ ಅದಕ್ಕೆ ಕಾಣಲ್ಲ,” ಎಂದ ಆತ.

ಆತ ಹೇಳಿದ್ದು ಪೂರ್ತಿ ಸರಿ. ‘ಏನಾದರೂ ಹೆಚ್ಚುಕಮ್ಮಿ ಆದರೆ ಎಂಸಿಬಿ ಬೀಳುತ್ತೆ ಬಿಡಿ’ ಎಂಬ ಧೈರ್ಯ ನಮ್ಮ ಮನೆಗಳಲ್ಲಿ ಬೇರೂರಿಬಿಟ್ಟಿದೆ. ಗೋಡೆಯ ಡಬ್ಬಿಯಲ್ಲಿರುವ ಆ ಸಾಧನದಿಂದ ಆಗುವ ಉಪಕಾರ ದೊಡ್ಡದೇ. ಆದರೆ ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ನೆಲದ ಮೇಲೆ ಬಿದ್ದಿರುವ ಬೋರ್ಡಿನ ಕ್ಷೇಮ ಅದರ ಕೆಲಸದಲ್ಲಿ ಸೇರಿಲ್ಲ.

ಎಂಸಿಬಿಯೊಳಗೆ ಎರಡು ಕಾವಲುಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟು ಹೆಚ್ಚು ಹರಿದಾಗ ಅದು ನಿಧಾನವಾಗಿ ಕಾದು, ಬಾಗಿ, ಕೊಂಡಿಯನ್ನು ತಪ್ಪಿಸುತ್ತದೆ. ಇನ್ನೊಂದು, ತಂತಿಯ ಸುರುಳಿ. ಶಾರ್ಟ್ ಸರ್ಕ್ಯೂಟ್ ಆದಾಗ ಅದು ಕಾಂತವಾಗಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಕೊಂಡಿಯನ್ನು ಎಳೆಯುತ್ತದೆ. ಎರಡೂ ಅಳೆಯುವುದು ಒಂದನ್ನೇ, ತನ್ನ ಮೂಲಕ ಎಷ್ಟು ಆಂಪ್ ಹರಿಯುತ್ತಿದೆ ಎಂಬುದನ್ನು. ಅದರಲ್ಲೂ ಒಂದು ಸಡಿಲಿಕೆ ಇದೆ. 16 ಆಂಪಿನ ಎಂಸಿಬಿ 17 ಆಂಪ್ ಆದ ಕೂಡಲೇ ಬಿದ್ದುಬಿಡುವುದಿಲ್ಲ. ಮನೆಬಳಕೆಯ ಎಂಸಿಬಿಗಳ ಮಾನಕದ ಪ್ರಕಾರ ಅದು ಸುಮಾರು 18 ಆಂಪನ್ನು ಒಂದು ಗಂಟೆಯವರೆಗೂ ಬೀಳದೆ ತಾಳಬೇಕು. 23 ಆಂಪ್ ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು. ಗೋಡೆಯೊಳಗಿನ ದಪ್ಪ ತಂತಿಗೆ ಇದು ಸಾಕಾದ ರಕ್ಷಣೆ. 6 ಆಂಪಿನ ಬೋರ್ಡಿಗೆ ಇದರಿಂದ ರಕ್ಷಣೆ ಸಿಗುವುದಿಲ್ಲ.

ಆ ಮನೆಯ ಲೆಕ್ಕವನ್ನೇ ಹಾಕಿ ನೋಡೋಣ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಉಪಕರಣದ ಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪ್ ಸಿಗುತ್ತದೆ. ಹೀಟರ್ ರಾಡು 1500 ವ್ಯಾಟಿನದು, ಅಂದರೆ 6.5 ಆಂಪ್. ಬೋರ್ಡಿನ ಬೆನ್ನಮೇಲೆ ಅಚ್ಚಾಗಿದ್ದದ್ದು 6 ಆಂಪ್. ಹಾಗಾಗಿ ರಾಡು ಒಂದೇ ಬೋರ್ಡಿನ ಮಿತಿಯನ್ನು ಮೀರುತ್ತಿತ್ತು. ಸಾಲದ್ದಕ್ಕೆ, ಬೆಳಗಿನ ಅವಸರದಲ್ಲಿ ಅದೇ ಬೋರ್ಡಿನ ಇನ್ನೊಂದು ಸಾಕೆಟ್ಟಿಗೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನೂ ಸಿಕ್ಕಿಸುತ್ತಿದ್ದರು. ಆಗ ಒಟ್ಟು 2500 ವ್ಯಾಟ್, ಹತ್ತಿರ ಹತ್ತಿರ 11 ಆಂಪ್. ಬೋರ್ಡಿನ ಮಿತಿಗೆ ಇದು ಎರಡರಷ್ಟರ ಸಮೀಪ. ಆದರೆ 16 ಆಂಪಿನ ಎಂಸಿಬಿಯ ಲೆಕ್ಕದಲ್ಲಿ ಇನ್ನೂ 5 ಆಂಪ್ ಬಾಕಿ ಇದೆ. ಅದು ಬೀಳಬೇಕಾದ ಕಾರಣವೇ ಇಲ್ಲ.

ಇಲ್ಲಿ ಅನೇಕರು ತಪ್ಪುವ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ ನಾಲ್ಕು ಸಾಕೆಟ್ಟುಗಳಿದ್ದು, ಒಂದೊಂದರ ಮೇಲೂ 6 ಆಂಪ್ ಎಂದು ಬರೆದಿದ್ದರೆ, ಒಟ್ಟು 24 ಆಂಪ್ ಎಳೆಯಬಹುದು ಎಂದಲ್ಲ. ನಾಲ್ಕಕ್ಕೂ ಕರೆಂಟು ಬರುವುದು ಒಂದೇ ವೈರಿನಿಂದ, ಒಂದೇ ಟಾಪಿನ ಎರಡು ಪಿನ್ನುಗಳಿಂದ. 6 ಆಂಪ್ ಎಂಬುದು ಇಡೀ ಬೋರ್ಡಿಗೆ ಸೇರಿದ ಮಿತಿ. 230ರಿಂದ ಗುಣಿಸಿದರೆ 1380 ವ್ಯಾಟ್, ಅದೂ ಬೋರ್ಡು ಹೊಸದಾಗಿ, ಸ್ಕ್ರೂಗಳೆಲ್ಲ ಬಿಗಿಯಾಗಿ, ವೈರು ಬರೆದಷ್ಟೇ ದಪ್ಪ ಇದ್ದಾಗ. ಅರ್ಧ ಗಂಟೆ, ಒಂದು ಗಂಟೆ ಎಡೆಬಿಡದೆ ನಡೆಯುವ ಕೆಲಸಕ್ಕಾದರೆ ಒಟ್ಟು ಭಾರ 1000 ವ್ಯಾಟಿನೊಳಗೆ ನಿಲ್ಲಿಸುವುದು ಕ್ಷೇಮ.

ಈಗ ಬಿಸಿಯ ವಿಚಾರಕ್ಕೆ ಬರೋಣ. ಬೋರ್ಡು ಬಿಸಿಯಾಗುವುದರಲ್ಲಿ ಎರಡು ಬಗೆಗಳಿವೆ, ಎರಡರ ಅಪಾಯವೂ ಬೇರೆ ಬೇರೆ.

ಮೊದಲನೆಯದು ವೈರಿನ ಬಿಸಿ. ಸಾಧಾರಣ 6 ಆಂಪಿನ ಬೋರ್ಡುಗಳಿಗೆ 0.75 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿರುತ್ತಾರೆ. ಅದರ ನಾಲ್ಕು ಮೀಟರ್ ಉದ್ದದಲ್ಲಿ, ಹೋಗುವ ತಂತಿ ಬರುವ ತಂತಿ ಎರಡೂ ಸೇರಿ, ಸುಮಾರು 0.2 ಓಮ್ ರೋಧವಿರುತ್ತದೆ. ಕರೆಂಟು ಹರಿದಾಗ ಹುಟ್ಟುವ ಶಾಖವೆಂದರೆ ಆಂಪಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ರಾಡು ಒಂದೇ ನಡೆಯುತ್ತಿದ್ದರೆ ಇಡೀ ವೈರಿನಲ್ಲಿ 8.5 ವ್ಯಾಟ್, ರಾಡು ಇಸ್ತ್ರಿ ಎರಡೂ ನಡೆದರೆ ಸುಮಾರು 24 ವ್ಯಾಟ್. ಆಂಪ್ ಎರಡರಷ್ಟೂ ಆಗಿಲ್ಲ, ಶಾಖ ಮಾತ್ರ ಮೂರರಷ್ಟನ್ನು ಸಮೀಪಿಸಿದೆ. ವರ್ಗ ಮಾಡಿದ್ದರ ಪರಿಣಾಮ ಅದು. ಆದರೂ ಆ 24 ವ್ಯಾಟ್ ನಾಲ್ಕು ಮೀಟರ್ ಉದ್ದಕ್ಕೆ ಹಂಚಿಹೋಗುತ್ತದೆ. ವೈರು ಬಿಡಿಸಿ ಗಾಳಿಗೆ ಇಟ್ಟಿದ್ದರೆ ಕೈಗೆ ಬೆಚ್ಚಗೆ ತಾಗುತ್ತದೆ, ಅಷ್ಟೆ. ಸುರುಳಿ ಸುತ್ತಿಯೇ ಇಟ್ಟಿದ್ದರೆ, ಜಮಖಾನೆಯ ಅಡಿಯೋ ಹಾಸಿಗೆಯ ಅಡಿಯೋ ತೂರಿಸಿದ್ದರೆ, ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂಡಿಕೊಳ್ಳುತ್ತದೆ. ಸಾಮಾನ್ಯ ಪಿವಿಸಿ ಸಿಪ್ಪೆ ತಾಳುವ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದ ಮೇಲೆ ಅದು ಮೆತ್ತಗಾಗುತ್ತದೆ, ಕಾಲಕ್ರಮದಲ್ಲಿ ಪೆಡಸಾಗಿ ಬಿರಿಯುತ್ತದೆ.

ಎರಡನೆಯದು ಸಡಿಲ ಸ್ಕ್ರೂವಿನ ಬಿಸಿ. ಬಿಗಿಯಾಗಿ ಕೂತ ಸ್ಕ್ರೂವಿನಡಿಯ ರೋಧ ಒಂದು ಓಮಿನ ಸಾವಿರದ ಕೆಲವೇ ಪಾಲು. ಅಲ್ಲಿ ಹುಟ್ಟುವ ಶಾಖ ಲೆಕ್ಕಕ್ಕೇ ಬಾರದು. ಅದೇ ಸ್ಕ್ರೂ ಸಡಿಲವಾಗಿ ರೋಧ 0.2 ಓಮಿಗೆ ಏರಿತು ಎಂದಿಟ್ಟುಕೊಳ್ಳಿ. ಇದು ನಾಲ್ಕು ಮೀಟರ್ ವೈರಿನ ಒಟ್ಟು ರೋಧದಷ್ಟೇ. ಹಾಗಾಗಿ ಹುಟ್ಟುವ ಶಾಖವೂ ಅಷ್ಟೇ: ರಾಡಿಗೆ 8.5 ವ್ಯಾಟ್, ಎರಡಕ್ಕೂ ಸೇರಿ 24 ವ್ಯಾಟ್. ಆದರೆ ನಾಲ್ಕು ಮೀಟರಿಗೆ ಹಂಚಿಹೋಗುತ್ತಿದ್ದ ಶಾಖ ಈಗ ಅಕ್ಕಿಕಾಳಿನಷ್ಟು ಜಾಗದಲ್ಲಿ, ನಾಲ್ಕೂ ಕಡೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹುಟ್ಟುತ್ತಿದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಸ್ಕ್ರೂವಿನ ಸುತ್ತಲಿನ ಪ್ಲಾಸ್ಟಿಕ್ ಏಕೆ ಉಬ್ಬಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇದರಿಂದ ಎಂಸಿಬಿಗೆ ತಿಳಿಯುವುದೇನು? ಏನೂ ಇಲ್ಲ. 0.2 ಓಮಿನ ಆ ಅಡ್ಡಿಯಲ್ಲಿ ಕಳೆದುಹೋಗುವುದು 230 ವೋಲ್ಟಿನಲ್ಲಿ ಒಂದೆರಡು ವೋಲ್ಟ್ ಮಾತ್ರ. ಹರಿಯುವ ಕರೆಂಟು ಹೆಚ್ಚುವುದರ ಬದಲು ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ರಾಡು ಎಂದಿನಂತೆ ಕಾಯುತ್ತದೆ. ಶಾಕ್ ಹೊಡೆಯದಂತೆ ಕಾಯುವ ಆರ್‌ಸಿಸಿಬಿಯೂ ಇಲ್ಲಿ ಸುಮ್ಮನಿರುತ್ತದೆ, ಏಕೆಂದರೆ ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲಿನಲ್ಲಿ ಹಿಂತಿರುಗುತ್ತಿದೆ. ನೆಲಕ್ಕೆ ಸೋರಿಕೆಯೇ ಆಗಿಲ್ಲ. ಅಮೆರಿಕದ ಮಾನಕಗಳ ಸರ್ಕಾರಿ ಸಂಸ್ಥೆ 1977ರಲ್ಲಿ ಸಡಿಲ ಸಂಪರ್ಕಗಳ ಮೇಲೆ ಪ್ರಯೋಗದ ವರದಿಯೊಂದನ್ನು ಪ್ರಕಟಿಸಿತು. ಸಡಿಲ ಸ್ಕ್ರೂವಿನಡಿಯ ತಂತಿ ಕೆಂಡದಂತೆ ಹೊಳೆಯುತ್ತ, 15 ಆಂಪ್ ಹರಿಯುವಾಗ 35 ವ್ಯಾಟ್‌ವರೆಗೆ, ಒಂದು ಆಂಪೂ ಇಲ್ಲದ 0.8 ಆಂಪಿನಲ್ಲೇ 5 ವ್ಯಾಟ್‌ವರೆಗೆ ಶಾಖ ಬಿಟ್ಟದ್ದನ್ನು ಅವರು ಅಳೆದರು. ಫ್ಯೂಸು, ಬ್ರೇಕರುಗಳು ಬೀಳಲಿಲ್ಲ. ಉಪಕರಣಗಳು ಸರಿಯಾಗಿಯೇ ನಡೆಯುತ್ತಿದ್ದವು. ಬೋರ್ಡಿನಲ್ಲಿ ಕಡಿಮೆ ಭಾರವಿದ್ದರೆ ಸಡಿಲ ಸ್ಕ್ರೂ ಇದ್ದರೂ ತೊಂದರೆಯಿಲ್ಲ ಎನ್ನುವವರು ಆ 0.8 ಆಂಪಿನ ಅಂಕಿಯನ್ನು ನೆನಪಿಡಬೇಕು.

ಬಿಗಿ ಮಾಡಿದ್ದ ಸ್ಕ್ರೂ ತಾನಾಗಿ ಸಡಿಲವಾಗುವುದು ಹೇಗೆ? ಬೋರ್ಡಿನ ವೈರು ಒಂದೇ ಗಟ್ಟಿ ತಂತಿಯಲ್ಲ, ಸಣ್ಣ ಎಳೆಗಳ ಕಟ್ಟು. ಸ್ಕ್ರೂ ಒತ್ತಿದಾಗ ಎಳೆಗಳು ಮೊದಲು ಒಂದರ ಮೇಲೊಂದು ಕೂತಿರುತ್ತವೆ. ದಿನ ಕಳೆದಂತೆ ಅಕ್ಕಪಕ್ಕಕ್ಕೆ ಸರಿದು ಚಪ್ಪಟೆಯಾಗುತ್ತವೆ. ಸ್ಕ್ರೂ ಇದ್ದಲ್ಲೇ ಇರುತ್ತದೆ, ಅದರಡಿಯ ಒತ್ತಡ ಮಾತ್ರ ಇಳಿಯುತ್ತದೆ. ಬೆಳಗ್ಗೆ ರಾಡು ಹಾಕಿದಾಗ ತಾಮ್ರವೂ ಹಿತ್ತಾಳೆಯೂ ಕಾದು ಹಿಗ್ಗುತ್ತವೆ, ಆಮೇಲೆ ಆರಿ ಕುಗ್ಗುತ್ತವೆ. ದಿನದಿನವೂ ಇದು ನಡೆದು ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಸಡಿಲವಾದ ಕಡೆ ಬಿಸಿ ಹೆಚ್ಚುತ್ತದೆ, ಬಿಸಿಗೆ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಆ ಪದರ ರೋಧವನ್ನು ಮತ್ತೆ ಏರಿಸುತ್ತದೆ. ಒಮ್ಮೆ ಶುರುವಾದರೆ ಇದು ತಾನಾಗಿ ನಿಲ್ಲುವ ಕಾಯಿಲೆಯಲ್ಲ. ಇದರ ಜತೆಗೆ, ಬೋರ್ಡನ್ನು ವೈರು ಹಿಡಿದು ಎಳೆದಾಡುವುದು, ಟಾಪನ್ನು ವೈರಿನಿಂದಲೇ ಜಗ್ಗಿ ಕೀಳುವುದು, ಸಿಪ್ಪೆ ಸುಲಿಯುವಾಗ ಅರ್ಧ ಎಳೆಗಳನ್ನೇ ಕತ್ತರಿಸಿ ಉಳಿದದ್ದನ್ನು ಸ್ಕ್ರೂವಿನಡಿ ತುರುಕುವುದು, ಇವೆಲ್ಲ ನಾವು ಕೈಯಾರೆ ಮಾಡುವ ಕೇಡುಗಳು. ತಂತಿಯ ತುದಿಗೆ ಸೀಸ ಬೆಸೆದು ಸ್ಕ್ರೂ ಹಾಕಿದರೆ ಗಟ್ಟಿ ಎಂದು ಕೆಲವರು ತಿಳಿದಿದ್ದಾರೆ. ಸೀಸ ಒತ್ತಡಕ್ಕೆ ನಿಧಾನವಾಗಿ ಹರಿಯುವ ಮೆತ್ತನೆ ಲೋಹವಾದ್ದರಿಂದ ಅದು ಬೇಗ ಸಡಿಲವಾಗುತ್ತದೆ.

ಸಾಕೆಟ್ಟಿನೊಳಗೆ ಪಿನ್ನನ್ನು ಹಿಡಿಯುವ ಹಿತ್ತಾಳೆಯ ಪಟ್ಟಿಯೂ ಒಂದು ಸಂಪರ್ಕವೇ, ಅದಕ್ಕೂ ಇದೇ ಗತಿ. ಒಮ್ಮೆ ಚೆನ್ನಾಗಿ ಕಾದರೆ ಅದರ ಸ್ಪ್ರಿಂಗ್ ಗುಣ ಹೋಗುತ್ತದೆ, ಮತ್ತೆ ಬರುವುದಿಲ್ಲ. ಎಲ್ಲ ಬಗೆಯ ಪಿನ್ನುಗಳೂ ಹೋಗುವಂತೆ ಅಗಲವಾಗಿ ಕೊರೆದ ಅಗ್ಗದ ಬೋರ್ಡುಗಳಲ್ಲಿ ಈ ಹಿಡಿತ ಮೊದಲಿನಿಂದಲೇ ದುರ್ಬಲ.

ರಾಡಿನ ಪ್ರಕರಣದಲ್ಲಿ ಸಮಯವೂ ಸೇರಿಕೊಂಡಿದೆ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ತರಲು 1500 ವ್ಯಾಟಿನ ರಾಡಿಗೆ ಸುಮಾರು 28 ನಿಮಿಷ ಬೇಕು. ಮಿಕ್ಸಿ ಎರಡು ನಿಮಿಷ ತಿರುಗಿ ನಿಂತರೆ ಸ್ಕ್ರೂವಿಗೆ ಆರಲು ಬಿಡುವು ಸಿಗುತ್ತದೆ. ಮನೆಯಲ್ಲಿ ನಾಲ್ವರಿದ್ದು ನಾಲ್ಕು ಬಕೆಟ್ ಸಾಲಾಗಿ ಕಾಯಿಸಿದರೆ ಅದು ಎರಡು ಗಂಟೆ ಎಡೆಬಿಡದೆ ಕಾಯುತ್ತದೆ. ಅದಕ್ಕೇ ವರ್ಷಗಟ್ಟಲೆ ಟಿವಿ, ಚಾರ್ಜರುಗಳನ್ನು ನಡೆಸಿ ಏನೂ ಆಗದಿದ್ದ ಬೋರ್ಡು, ರಾಡು ಹಾಕಿದ ಮೊದಲ ಚಳಿಗಾಲದಲ್ಲೇ ಸುಟ್ಟುಹೋಗುತ್ತದೆ.

ಹಾಗಾದರೆ ಸುಡುವ ಮುಂಚೆ ತಿಳಿಯುವುದು ಹೇಗೆ? ಇದಕ್ಕೆ ಉಪಕರಣ ಏನೂ ಬೇಡ. ನಿಮ್ಮ ಬೋರ್ಡನ್ನು ಎಂದಿನ ಭಾರದಲ್ಲಿ ಅರ್ಧ ಗಂಟೆ ನಡೆಸಿ. ಆಮೇಲೆ ಗೋಡೆಯ ಸ್ವಿಚ್ಚು ಆರಿಸಿ, ಬೋರ್ಡಿನ ಟಾಪನ್ನು ಗೋಡೆಯಿಂದ ಕಿತ್ತು, ಕೈ ಒಣಗಿದೆಯೆಂದು ನೋಡಿಕೊಂಡು, ಒಂದೊಂದೇ ಜಾಗವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ. ವೈರು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಬಿಸಿಯಾಗಿದ್ದರೆ ಭಾರ ಹೆಚ್ಚಾಗಿದೆ ಎಂದರ್ಥ. ವೈರು ತಣ್ಣಗಿದ್ದು ಒಂದು ಪಿನ್ನೋ, ಒಂದು ಸಾಕೆಟ್ಟಿನ ಮುಖವೋ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿದೆ. ಟಾಪಿನ ಎರಡು ಪಿನ್ನುಗಳಲ್ಲಿ ಒಂದು ಇನ್ನೊಂದಕ್ಕಿಂತ ಹೆಚ್ಚು ಬಿಸಿಯಿದ್ದರೆ ದೋಷ ಆ ಪಿನ್ನಿನ ಕಡೆಯದು. ಬೆಚ್ಚಗಿದ್ದರೆ ಗಾಬರಿ ಬೇಡ. ಬೆರಳಿಟ್ಟುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಆ ಬೋರ್ಡನ್ನು ಅಂದಿನಿಂದಲೇ ಬದಿಗಿಡಿ. ಪಿನ್ನಿನ ತೂತಿನ ಸುತ್ತ ಹಳದಿ ಅಥವಾ ಕಂದು ಬಣ್ಣ, ಪಿನ್ನಿನ ಮೇಲೆ ಕಪ್ಪು ಚುಕ್ಕೆ, ಟಾಪು ತನ್ನ ಭಾರಕ್ಕೆ ತಾನೇ ಜೋತುಬೀಳುವುದು, ಬೋರ್ಡನ್ನು ಅಲುಗಿಸಿದಾಗ ಚಿಟಚಿಟ ಸದ್ದು, ಇವೂ ಅದೇ ಕಾಯಿಲೆಯ ಲಕ್ಷಣಗಳು.

ಇನ್ನು ‘ಟ್ರಿಪ್’ ಆಗುವ ವಿಚಾರ. ಕೆಲವು ಬೋರ್ಡುಗಳ ಪಕ್ಕದಲ್ಲಿ ಒತ್ತುವ ಪುಟ್ಟ ಗುಂಡಿಯೊಂದಿರುತ್ತದೆ. ಭಾರ ಹೆಚ್ಚಾಗಿ ಕೆಲವು ನಿಮಿಷವಾದ ಮೇಲೆ ಅದು ಹೊರಕ್ಕೆ ಚಿಮ್ಮಿ ಕರೆಂಟು ನಿಲ್ಲಿಸುತ್ತದೆ. ಬೋರ್ಡಿನ ಮಿತಿಯನ್ನು ನಿಜವಾಗಿ ಬಲ್ಲದ್ದು ಇದೊಂದೇ, ಮತ್ತು ಜನ ಬೈಯುವುದೂ ಇದನ್ನೇ. ‘ಪದೇ ಪದೇ ಬೀಳುತ್ತೆ, ಬೋರ್ಡ್ ಸರಿಯಿಲ್ಲ’ ಎಂದು ಅಂಗಡಿಗೆ ಒಯ್ದು ಆ ಗುಂಡಿಯನ್ನು ತಪ್ಪಿಸಿ ನೇರ ವೈರು ಹಾಕಿಸಿಕೊಂಡು ಬರುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಗುಂಡಿ ಬಿದ್ದರೆ ಒಂದು ಉಪಕರಣ ತೆಗೆದು, ಐದು ನಿಮಿಷ ಆರಲು ಬಿಟ್ಟು, ಮತ್ತೆ ಒತ್ತಿ. ಭಾರ 500 ವ್ಯಾಟೂ ಇಲ್ಲದಿರುವಾಗಲೂ ಬೀಳುತ್ತಿದ್ದರೆ ಅದರ ಪಕ್ಕದ ಸ್ಕ್ರೂ ಸಡಿಲವಾಗಿ ಆ ಬಿಸಿಯೇ ಗುಂಡಿಗೆ ತಾಗುತ್ತಿರಬಹುದು. ಬಿಚ್ಚಿ ನೋಡಬೇಕಾದ ಸೂಚನೆ ಅದು. ಇದರ ಬದಲು ಗೋಡೆಯ ಎಂಸಿಬಿ, ಸ್ವಿಚ್ಚು ಹಾಕಿದ ಕ್ಷಣದಲ್ಲೇ ಟಪ್ಪನೆ ಬಿದ್ದರೆ ಎಲ್ಲೋ ಫೇಸು ನ್ಯೂಟ್ರಲು ಒಂದನ್ನೊಂದು ತಾಕುತ್ತಿವೆ. ಆರ್‌ಸಿಸಿಬಿ ಬಿದ್ದರೆ ಕರೆಂಟು ನೆಲಕ್ಕೆ ಸೋರುತ್ತಿದೆ; ಹೀಟರ್ ರಾಡಿನ ಹೊರಕೊಳವೆ ತೂತುಬಿದ್ದಾಗ ಹೀಗಾಗುತ್ತದೆ, ಆ ರಾಡನ್ನು ಮತ್ತೆ ನೀರಿಗೆ ಇಳಿಸಲೇಬಾರದು.

ಮೈಸೂರಿನ ಆ ಬೋರ್ಡಿನಲ್ಲಿ ಇನ್ನೊಂದು ವಸ್ತುವೂ ಇತ್ತು, ಕನ್ವರ್ಷನ್ ಪ್ಲಗ್. ರಾಡಿನ ಟಾಪ್ 16 ಆಂಪಿನ ದಪ್ಪ ಪಿನ್ನಿನದು, 6 ಆಂಪಿನ ಸಾಕೆಟ್ಟಿಗೆ ಹೋಗುವುದಿಲ್ಲ. ಹೋಗದಂತೆ ಮಾಡಿರುವುದೇ ಒಂದು ರಕ್ಷಣೆ. ಪಿನ್ನಿನ ಗಾತ್ರ ನೋಡಿದರೆ ಸಾಕು, ಈ ಉಪಕರಣ ಈ ಸಾಕೆಟ್ಟಿಗೆ ಸೇರಿದ್ದಲ್ಲ ಎಂದು ಓದು ಬಾರದವರಿಗೂ ತಿಳಿಯಬೇಕು ಎಂಬುದು ಅದರ ಉದ್ದೇಶ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕನ್ವರ್ಷನ್ ಪ್ಲಗ್ ಆ ತಡೆಯನ್ನು ತೆಗೆದುಹಾಕುತ್ತದೆ. ಸಾಲದ್ದಕ್ಕೆ ಕರೆಂಟು ದಾಟಬೇಕಾದ ಸಂಪರ್ಕಗಳನ್ನೂ ಹೆಚ್ಚಿಸುತ್ತದೆ. ಬೋರ್ಡಿಗೆ ಇನ್ನೊಂದು ಬೋರ್ಡು ಸಿಕ್ಕಿಸುವುದೂ ಹೀಗೆಯೇ. ಎರಡನೆಯದರ ಭಾರವೆಲ್ಲ ಮೊದಲನೆಯದರ ಒಂದು ಸಾಕೆಟ್ಟಿನ ಮೂಲಕ ಹೋಗಬೇಕು.

ಸಡಿಲ ಸ್ಕ್ರೂವನ್ನು ಬಿಗಿ ಮಾಡುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಟಾಪನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಬರೀ ಸ್ವಿಚ್ಚು ಆರಿಸಿದರೆ ಸಾಲದು, ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲಿಗೆ ಹಾಕಿರುತ್ತಾರೆ. ಆರಿಸಿದರೂ ಫೇಸು ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಹಿಂಬದಿಯ ಮುಚ್ಚಳ ತೆಗೆದು, ಪ್ರತಿಯೊಂದು ತಂತಿಯನ್ನೂ ಮೆಲ್ಲಗೆ ಎಳೆದು ನೋಡಿ. ಅಲುಗುವುದನ್ನು ಬಿಚ್ಚಿ. ತುದಿ ಕಪ್ಪಾಗಿದ್ದರೆ ಅದರ ಮೇಲೇ ಸ್ಕ್ರೂ ಬಿಗಿದು ಪ್ರಯೋಜನವಿಲ್ಲ, ತಾಮ್ರ ಹೊಳೆಯುವವರೆಗೆ ಕತ್ತರಿಸಿ ತೆಗೆಯಬೇಕು. ಹೊಸ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಸಿಪ್ಪೆ ಸುಲಿದು, ಎಳೆಗಳನ್ನೆಲ್ಲ ಒಟ್ಟಿಗೆ ತಿರುಚಿ, ತೂತು ದೊಡ್ಡದಾಗಿದ್ದರೆ ತುದಿಯನ್ನು ಇಮ್ಮಡಿ ಮಡಚಿ, ಒಂದು ಎಳೆಯೂ ಹೊರಗುಳಿಯದಂತೆ ತೂರಿಸಿ ಬಿಗಿಯಿರಿ. ತಂತಿಯ ತುದಿಗೆ ಲಗ್ಸ್ ಒತ್ತಿಸಿದರೆ ಇನ್ನೂ ಒಳ್ಳೆಯದು. ಬಿಗಿದ ಮೇಲೆ ಮತ್ತೆ ಎಳೆದು ನೋಡಿ. ವೈರು ಬೋರ್ಡಿನೊಳಗೆ ಬರುವ ಕಡೆ ಅದನ್ನು ಹಿಡಿದಿಡುವ ಪಟ್ಟಿ ಇರಬೇಕು, ಜಗ್ಗಿದಾಗ ಎಳೆತ ಸ್ಕ್ರೂವಿಗೆ ತಾಗಬಾರದು. ಹಸಿರು ಬಣ್ಣದ ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿ. ಅಕಸ್ಮಾತ್ ವೈರು ಕಿತ್ತುಬಂದರೂ ಕೊನೆಗೆ ಬಿಡುವುದು ಅದಾಗಿರಲಿ. ಇದನ್ನೆಲ್ಲ ಮಾಡಿ ರೂಢಿಯಿಲ್ಲದವರು ಎಲೆಕ್ಟ್ರಿಷಿಯನ್ ಕರೆಸಿ ಎದುರಿಗೆ ನಿಂತು ಮಾಡಿಸುವುದು ಒಳಿತು.

ಪ್ಲಾಸ್ಟಿಕ್ ಕಂದಾಗಿದ್ದರೆ, ಹಿತ್ತಾಳೆಯ ಪಟ್ಟಿ ಬಣ್ಣ ಕೆಟ್ಟಿದ್ದರೆ ಬಿಗಿ ಮಾಡುವ ಮಾತೇ ಬೇಡ. ಆ ಸಾಕೆಟ್ಟು ಸತ್ತಿದೆ. ಮರದ ಅಥವಾ ಪಿವಿಸಿ ಡಬ್ಬಿಗೆ ಸ್ವಿಚ್ಚು ಸಾಕೆಟ್ಟು ಕೂಡಿಸಿ ಮಾಡಿದ ಬೋರ್ಡಾದರೆ ಆ ಸಾಕೆಟ್ಟನ್ನೂ ಅದಕ್ಕೆ ಬಂದ ತಂತಿಯನ್ನೂ ಬದಲಿಸಬಹುದು. ಮೈಸೂರಿನ ಮನೆಯಲ್ಲಿ ಎಲೆಕ್ಟ್ರಿಷಿಯನ್ ಹಾಗೆ ಮಾಡಲು ಒಪ್ಪಲಿಲ್ಲ. “ಇದನ್ನ ರಿಪೇರಿ ಮಾಡಿಕೊಟ್ರೆ ನಾಳೆ ಮತ್ತೆ ರಾಡ್ ಹಾಕ್ತೀರ ಅಕ್ಕ,” ಎಂದ. ಹಾಗೆಂದು ವೈರನ್ನು ಕತ್ತರಿಸಿಯೇ ಕೊಟ್ಟ. ಆತ ಮಾಡಿದ್ದು ಸರಿ ಎನ್ನುತ್ತೇನೆ. ಬಿಚ್ಚಲು ಬಾರದಂತೆ ಅಂಟಿಸಿ ಮುಚ್ಚಿದ ಬೋರ್ಡುಗಳಿಗಂತೂ ರಿಪೇರಿಯೇ ಇಲ್ಲ.

ಹೊಸದು ಕೊಳ್ಳುವಾಗ ಐಎಸ್ಐ ಗುರುತಿನ ಜತೆಗೆ ವೈರಿನ ಮೇಲೆ ಅಚ್ಚಾದ ಗಾತ್ರವನ್ನು ಓದಿ. 0.75 ಎಂದಿದ್ದರೆ 6 ಆಂಪಿನ ಕೆಲಸಕ್ಕೆ. 16 ಆಂಪಿನ ಟಾಪ್ ಇರುವ ಬೋರ್ಡಿಗೆ ಕನಿಷ್ಠ 1.5 ಚದರ ಮಿಲಿಮೀಟರ್ ತಾಮ್ರ ಬೇಕು. ದಪ್ಪ ಸಿಪ್ಪೆ ನೋಡಿ ಮೋಸಹೋಗಬೇಡಿ, ಒಳಗೆ ನಾಲ್ಕೇ ಎಳೆ ಇರುವ ವೈರುಗಳೂ ಪೇಟೆಯಲ್ಲಿವೆ. ಗಾತ್ರವೇ ಅಚ್ಚಾಗಿರದ ವೈರನ್ನು ನಂಬಬೇಡಿ. ಅರ್ತ್ ಇಲ್ಲದ ಎರಡೇ ತಂತಿಯ ಬೋರ್ಡನ್ನು ಮನೆಗೆ ತರಲೇಬೇಡಿ.

ಫೋನು, ಲ್ಯಾಪ್‌ಟಾಪು, ಟಿವಿ, ವೈಫೈ ಡಬ್ಬಿ, ಟೇಬಲ್ ಫ್ಯಾನು ಇವೆಲ್ಲ ಒಟ್ಟಿಗೆ ಸೇರಿದರೂ ಕೆಲವು ನೂರು ವ್ಯಾಟ್; ಎಕ್ಸ್‌ಟೆನ್ಷನ್ ಬೋರ್ಡು ಇರುವುದೇ ಇವಕ್ಕೆ. ಇಸ್ತ್ರಿ ಪೆಟ್ಟಿಗೆಯನ್ನು ಒಂಟಿಯಾಗಿ, ಕಣ್ಣೆದುರಿಗೆ ಸ್ವಲ್ಪ ಹೊತ್ತು ನಡೆಸಬಹುದು. ಹೀಟರ್ ರಾಡು, ಗೀಸರು, ಇಂಡಕ್ಷನ್ ಒಲೆ, ಕೆಟಲು, ಏಸಿ, ನೀರು ಕಾಯಿಸಿ ಬಟ್ಟೆ ಒಗೆಯುವ ವಾಷಿಂಗ್ ಮೆಷಿನ್ನು, ಇವು ಗೋಡೆಯ 16 ಆಂಪಿನ ಪಾಯಿಂಟಿಗೆ ನೇರವಾಗಿ ಹೋಗಬೇಕಾದವು.

ಒಂದು ವೇಳೆ ಬೋರ್ಡಿನಿಂದ ಹೊಗೆಯೋ ಬೆಂಕಿಯೋ ಬಂದರೆ ಬೋರ್ಡಿಗೆ ಕೈಹಾಕಬೇಡಿ, ನೀರು ಎರಚಬೇಡಿ. ಮೊದಲು ಮೇನ್ ಆರಿಸಿ. ಕೈಮೀರಿದರೆ ಮನೆಯವರನ್ನು ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ಮನೆ ಬಾಡಿಗೆಗೆ ಕೊಡುವವರಲ್ಲಿ ಒಂದು ವಿನಂತಿ. ಬಾಡಿಗೆದಾರರು ಬಚ್ಚಲಿಗೆ ಬೋರ್ಡು ಎಳೆಯುವುದು ಚಪಲಕ್ಕಲ್ಲ, ಬೇರೆ ದಾರಿಯಿಲ್ಲದೆ. ಬಚ್ಚಲಿನ ಗೀಸರ್ ಜಾಗಕ್ಕೊಂದು, ಅಡುಗೆ ಕಟ್ಟೆಯ ಮೇಲೊಂದು 16 ಆಂಪಿನ ಪಾಯಿಂಟನ್ನು, 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ, ಸರಿಯಾದ ಅರ್ತಿಂಗ್ ಕೊಟ್ಟು, ಅದರದೇ ಎಂಸಿಬಿ ಸಮೇತ ಹಾಕಿಸಿಕೊಡಿ. ಬಾಡಿಗೆಗೆ ಮನೆ ನೋಡುವವರೂ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡುವ ಹಾಗೆ, ಈ ಎರಡು ಪಾಯಿಂಟ್ ಇವೆಯೇ ಎಂದು ಕೇಳಿ ಮುಂಗಡ ಕೊಡಿ.